ಕೊಪ್ಪೆನ್ ವಾಯುಗುಣ ವರ್ಗೀಕರಣ: ಮುಖ್ಯಾಂಶಗಳು

ಹಿನ್ನೆಲೆ
- ಕರ್ತೃ: ವ್ಲಾಡಿಮಿರ್ ಕೊಪ್ಪೆನ್ (1846–1940). ಜನನ ಸೇಂಟ್ ಪೀಟರ್ಸ್‌ಬರ್ಗ್.
- ಉಷ್ಣತಾ ವಲಯಗಳ ನಕ್ಷೆ 1884. ಸಸ್ಯವರ್ಗ ಆಧಾರಿತ ವರ್ಗೀಕರಣ 1900. ನಂತರದ ಪರಿಷ್ಕರಣೆ ರುಡಾಲ್ಫ್ ಗೈಗರ್ ಅವರದು.
- ಖಂಡಗಳ ಅಲೆತ ಸಿದ್ಧಾಂತದ ಆಲ್ಫ್ರೆಡ್ ವೇಗನರ್ ಕೊಪ್ಪೆನ್ ಅವರ ಅಳಿಯ.

ಐದು ಗುಂಪುಗಳು
- A (ಉಷ್ಣವಲಯ): ಅತಿ ತಂಪಿನ ತಿಂಗಳ ಸರಾಸರಿ 18° ಸೆ. ಅಥವಾ ಹೆಚ್ಚು.
- B (ಶುಷ್ಕ): ಮಳೆಯೂ ಉಷ್ಣತೆಯೂ ಸೇರಿ ನಿರ್ಧರಿಸುವ ಏಕೈಕ ಮುಖ್ಯ ಗುಂಪು.
- C: ಅತಿ ತಂಪಿನ ತಿಂಗಳು −3° ಮತ್ತು 18° ನಡುವೆ. D: −3°ಗಿಂತ ಕಡಿಮೆ. ಕೆಲವು ಗ್ರಂಥಗಳಲ್ಲಿ −3° ಬದಲು 0°. C, D ಎರಡರಲ್ಲೂ ಅತಿ ಬಿಸಿಯ ತಿಂಗಳು 10°ಗಿಂತ ಹೆಚ್ಚು.
- E (ಧ್ರುವೀಯ): ಅತಿ ಬಿಸಿಯ ತಿಂಗಳೂ 10°ಗಿಂತ ಕಡಿಮೆ.

ಪರಿಶೀಲನೆಯ ಕ್ರಮ
- ಮೊದಲು E, ನಂತರ B, ಆಮೇಲೆ A, C, D. ಅಕ್ಷರಮಾಲೆಯ ಕ್ರಮ ಹಿಡಿದರೆ ಉತ್ತರ ತಪ್ಪಬಹುದು.
- ಶುಷ್ಕತೆಯ ಮಿತಿ (ಮಿ.ಮೀ.; T = ವಾರ್ಷಿಕ ಸರಾಸರಿ ಉಷ್ಣತೆ): ಬೇಸಿಗೆಯ ಅರ್ಧದಲ್ಲಿ, ಅಂದರೆ ಉತ್ತರ ಗೋಲಾರ್ಧದಲ್ಲಿ ಏಪ್ರಿಲ್–ಸೆಪ್ಟೆಂಬರ್‌ನಲ್ಲಿ, ವರ್ಷದ ಮಳೆಯ ಶೇ. 70 ಅಥವಾ ಹೆಚ್ಚು ಬಿದ್ದರೆ 20T + 280. ಚಳಿಗಾಲದ ಅರ್ಧದಲ್ಲಿ ಅಷ್ಟು ಬಿದ್ದರೆ 20T. ಎರಡೂ ಅಲ್ಲದಿದ್ದರೆ 20T + 140.
- ಮಳೆ ಮಿತಿಗಿಂತ ಕಡಿಮೆ: B. ಮಿತಿಯ ಅರ್ಧಕ್ಕಿಂತಲೂ ಕಡಿಮೆ: BW (ಮರುಭೂಮಿ). ಉಳಿದದ್ದು BS (ಅರೆಶುಷ್ಕ).
- ವಾರ್ಷಿಕ ಸರಾಸರಿ 18° ಅಥವಾ ಹೆಚ್ಚಿದ್ದರೆ h, ಕಡಿಮೆಯಿದ್ದರೆ k.

ಮಾದರಿ: ಬಳ್ಳಾರಿ
- ಉಷ್ಣತೆ ಸುಮಾರು 28°, ಮಳೆ ಸುಮಾರು 500 ಮಿ.ಮೀ.
- ಮಿತಿ: 20 × 28 + 280 = 840; ಅರ್ಧ 420. ಮಳೆ ಇವೆರಡರ ನಡುವೆ. ಸಂಕೇತ BSh.
- ಮಳೆಯ ಹಂಚಿಕೆ ಶೇ. 70ರ ಆಸುಪಾಸಿನದೇ ಎಂಬ ಅನುಮಾನವಿದ್ದರೆ 140 ಸೇರಿಸಿ ನೋಡಿ: ಮಿತಿ 700, ಅರ್ಧ 350. ಉತ್ತರ ಅದೇ.
- ಡಿಸೆಂಬರ್, ಜನವರಿಯ ಸರಾಸರಿಯೂ 18°ಗಿಂತ ಹೆಚ್ಚು. B ನೋಡದೆ ಹೋದರೆ ಬಳ್ಳಾರಿ A ಆಗಿಬಿಡುತ್ತದೆ. ಪರೀಕ್ಷೆಯ ಸಾಮಾನ್ಯ ಬಲೆ ಇದು.

A ಗುಂಪಿನ ಒಳವಿಭಾಗ
- Af: ಅತಿ ಒಣ ತಿಂಗಳಲ್ಲೂ 60 ಮಿ.ಮೀ. ಅಥವಾ ಹೆಚ್ಚು.
- Am: 60ಕ್ಕಿಂತ ಕಡಿಮೆ, ಆದರೆ 100 − P/25ಕ್ಕಿಂತ ಕಡಿಮೆಯಲ್ಲ (P = ವಾರ್ಷಿಕ ಮಳೆ). ಅದಕ್ಕಿಂತಲೂ ಕಡಿಮೆ: Aw.
- ಬೆಂಗಳೂರು: P ಸುಮಾರು 970, ಮಿತಿ ಸುಮಾರು 61. ಜನವರಿ ಮಳೆ ಕೆಲವೇ ಮಿ.ಮೀ. Aw.
- ಮಂಗಳೂರು: P 3,000ಕ್ಕೂ ಹೆಚ್ಚು, ಮಿತಿ ಋಣಾತ್ಮಕ. ಜನವರಿ ಒಣಗಿದ್ದರೂ Am.

ನಿಮ್ಮ ಊರಿಗೆ
- ಬೇಕಾದ ಅಂಕಿ: 12 ತಿಂಗಳ ಸರಾಸರಿ ಉಷ್ಣತೆ, 12 ತಿಂಗಳ ಮಳೆ.
- 30 ವರ್ಷಗಳ ಸರಾಸರಿಯನ್ನೇ ಬಳಸಿ. ಒಂದು ಬರಗಾಲದ ವರ್ಷ Aw ಊರನ್ನೂ BS ಎಂದು ತೋರಿಸಬಲ್ಲದು.
- ಹಳೆಯ ಪುಸ್ತಕಗಳಲ್ಲಿ ಮಳೆ ಸೆಂ.ಮೀ.ನಲ್ಲಿ. ಆಗ ಸೂತ್ರ 2T + 28, 2T + 14, 2T.