ರಕ್ತ ಕಾಣದ ಪೆಟ್ಟು: ಕರ್ಣನಾದ, ತಲೆಸುತ್ತು ಮತ್ತು ಮಂದಶ್ರವಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟದ ಕೆಲಸವೆಂದರೆ ಮರದಡಿಯ ಕೆಲಸ. 50 ಅಡಿ ಎತ್ತರದಿಂದ ಕಳಚಿದ ತೆಂಗಿನಕಾಯಿ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 60 ಕಿ.ಮೀ. ವೇಗವನ್ನು ಪಡೆದಿರುತ್ತದೆ. ಪಾಪುವಾ ನ್ಯೂಗಿನಿಯ ಆಸ್ಪತ್ರೆಯೊಂದರಲ್ಲಿ ಇಂತಹ ಗಾಯಗಳನ್ನು ಕಂಡ ಪೀಟರ್ ಬಾರ್ಸ್ ಎಂಬ ವೈದ್ಯರು 1984ರಲ್ಲಿ ಪ್ರಕಟಿಸಿದ ಲೇಖನದಿಂದ, ಕಾಯಿ ನೇರವಾಗಿ ನೆತ್ತಿಗೆ ಬಿದ್ದರೆ ಪ್ರಾಣಕ್ಕೇ ಅಪಾಯವೆಂಬುದು ವೈದ್ಯಲೋಕಕ್ಕೆ ಸ್ಪಷ್ಟವಾಯಿತು. ಆದರೆ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅದಕ್ಕಿಂತ ಕಿರಿದಾದ, ಕಿರಿದೆಂಬ ಕಾರಣಕ್ಕೇ ಅಲಕ್ಷ್ಯಕ್ಕೊಳಗಾಗುವ ಪೆಟ್ಟನ್ನು. ಒಣಗಿದ ಗರಿಯೊಂದು ಕಳಚಿ, ಅದರ ಎಡೆಮಟ್ಟೆ ಕಿವಿಯ ಮೇಲ್ಭಾಗಕ್ಕೆ ಒರೆಸಿಕೊಂಡು ಹೋಗುತ್ತದೆ. ಗಾಯವಿಲ್ಲ, ರಕ್ತವಿಲ್ಲ. “ರಕ್ತ ಬರಲಿಲ್ಲವಲ್ಲ, ಸದ್ಯ” ಎಂದು ಮನೆಯವರು ನೆಮ್ಮದಿಗೊಳ್ಳುತ್ತಾರೆ. ಪೆಟ್ಟು ತಿಂದವನಿಗಾದರೋ ಕಿವಿ ಗುಂಯ್‌ಗುಡುತ್ತದೆ, ಮಾತು ಗೋಡೆಯಾಚೆಯಿಂದ ಬಂದಂತೆ ಕೇಳುತ್ತದೆ, ತಲೆ ತಿರುಗುತ್ತದೆ.

ಈ ಮೂರು ಲಕ್ಷಣಗಳೂ ಪ್ರಾಚೀನರಿಗೆ ಪರಿಚಿತವಾದವುಗಳೇ. ಸುಶ್ರುತಸಂಹಿತೆಯ ಉತ್ತರತಂತ್ರವು ಎಣಿಸುವ 28 ಕರ್ಣರೋಗಗಳಲ್ಲಿ ಕರ್ಣನಾದ, ಬಾಧಿರ್ಯಗಳು ಬೇರೆಬೇರೆಯಾಗಿಯೇ ನಿಂತಿವೆ. ಹೀಗೆ ಬಿಡಿಸಿ ನೋಡುವುದು ಇಂದಿಗೂ ಅಗತ್ಯ. ಏಕೆಂದರೆ ಒಂದೇ ಪೆಟ್ಟಿನಿಂದ ಹುಟ್ಟಿದರೂ ಈ ಮೂರಕ್ಕೆ ನೆಲೆ ಬೇರೆ, ಗುಣವಾಗುವ ಕಾಲವೂ ಬೇರೆ.

ಕಿವಿಯ ತಮಟೆಯ ಆಚೆಗೆ ಮೂರು ಪುಟ್ಟ ಮೂಳೆಗಳು ಸರಪಳಿಯಂತೆ ಜೋಡಿಸಿಕೊಂಡು ಶಬ್ದವನ್ನು ಒಳಗಿವಿಗೆ ದಾಟಿಸುತ್ತವೆ. ಒಳಗಿವಿಯು ತಲೆಬುರುಡೆಯ ಅತಿ ಗಟ್ಟಿಯಾದ ಮೂಳೆಯೊಳಗೆ ಕೊರೆದ ಗವಿ. ಅದರ ಒಂದು ಭಾಗ ಶಂಖದಂತೆ ಸುರುಳಿಯಾಗಿದೆ. ಅಲ್ಲಿನ ಸೂಕ್ಷ್ಮ ರೋಮಕೋಶಗಳು ಶಬ್ದವನ್ನು ಗ್ರಹಿಸುತ್ತವೆ. ಇನ್ನೊಂದು ಭಾಗದಲ್ಲಿ ಸಮತೋಲವನ್ನು ತಿಳಿಸುವ ಮೂರು ಅರ್ಧವರ್ತುಲ ನಾಳಗಳೂ, ಅವುಗಳ ಬುಡದಲ್ಲಿ ಅಂಟಿನ ಮೇಲೆ ಕೂಡಿಸಿದಂತಿರುವ ಸುಣ್ಣದ ಕಿರುಹರಳುಗಳೂ ಇವೆ. ಬುರುಡೆ ಬಿರಿಯದಿದ್ದರೂ ಪೆಟ್ಟಿನ ಅದಿರು ಮೂಳೆಯ ಮೂಲಕ ಈ ಗವಿಯನ್ನು ಮುಟ್ಟುತ್ತದೆ. ಆಗ ರೋಮಕೋಶಗಳು ಬಳಲಬಹುದು, ಹರಳುಗಳು ಕಳಚಬಹುದು. ಇದಾವುದಕ್ಕೂ ಹೊರಗೆ ಒಂದು ಹನಿ ರಕ್ತವೂ ಬೇಕಿಲ್ಲ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ತುರುವೇಕೆರೆಯ ಕಡೆಯ ನಲವತ್ತೈದು ವರ್ಷದ ಒಬ್ಬ ರೈತನಿಗೆ ಬಲಗಿವಿಯ ಮೇಲೆ ಎಡೆಮಟ್ಟೆಯ ಏಟು ಬಿದ್ದಿದೆ. ಎಚ್ಚರ ತಪ್ಪಿಲ್ಲ, ವಾಂತಿಯಾಗಿಲ್ಲ. ಬಲಗಿವಿ ಮಂದವಾಗಿದೆ. ಮೊದಲು ತಿಳಿಯಬೇಕಾದುದು, ಶಬ್ದ ದಾಟುವ ದಾರಿ ಕೆಟ್ಟಿದೆಯೋ, ಗ್ರಹಿಸುವ ಶಂಖವೇ ಬಳಲಿದೆಯೋ ಎಂಬುದು. ಅವನು ಬಾಯಿ ಮುಚ್ಚಿ “ಮ್…” ಎಂದು ಗುನುಗಲಿ. ಗುನುಗು ಮಂದವಾದ ಬಲಗಿವಿಯಲ್ಲೇ ಹೆಚ್ಚಾಗಿ ಕೇಳಿದರೆ ದೋಷ ತಮಟೆಯಲ್ಲೋ, ಮೂಳೆಗಳ ಸರಪಳಿಯಲ್ಲೋ, ತಮಟೆಯ ಹಿಂದೆ ಕಾಣದಂತೆ ನಿಂತ ರಕ್ತದಲ್ಲೋ ಇರುವ ಸಂಭವ ಹೆಚ್ಚು. ಚೆನ್ನಾಗಿರುವ ಎಡಗಿವಿಯಲ್ಲಿ ಹೆಚ್ಚಾಗಿ ಕೇಳಿದರೆ ಬಲದ ಒಳಗಿವಿಯೇ ನೊಂದಿರಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿರುವ ಶ್ರುತಿಕವೆಯಂತಹುದನ್ನೇ ಮಿಡಿದು ಹಣೆಯ ನಡುವೆ ಇಟ್ಟು ವೈದ್ಯರು ಮಾಡುವ ಪರೀಕ್ಷೆಯ ತತ್ತ್ವವೂ ಇದೇ. ಮನೆಯ ಪರೀಕ್ಷೆ ಸುಳಿವು ಮಾತ್ರ, ನಿರ್ಣಯವಲ್ಲ.

ಈತನ ಗುನುಗು ಎಡಕ್ಕೆ ಹೋಯಿತೆನ್ನೋಣ. ಶ್ರವಣಮಾಪನ ಮಾಡಿಸಿದರೆ, ಪೆಟ್ಟಿನಿಂದ ನೊಂದ ಒಳಗಿವಿಯಲ್ಲಿ ಸಾಮಾನ್ಯವಾಗಿ 4000 ಹರ್ಟ್ಸ್ ಸುತ್ತಲಿನ ಎತ್ತರದ ಸ್ವರಗಳೇ ಮೊದಲು ಕುಂದಿರುವುದು ಕಂಡುಬರುತ್ತದೆ. ಆದುದರಿಂದ ಸ್ವರಾಕ್ಷರಗಳು ಕೇಳಿದರೂ ಸ, ಶ ಮುಂತಾದ ಊಷ್ಮಾಕ್ಷರಗಳು ಜಾರಿಹೋಗುತ್ತವೆ. “ಮಾತು ಕೇಳುತ್ತದೆ, ತಿಳಿಯುವುದಿಲ್ಲ” ಎಂಬ ದೂರು ಹುಟ್ಟುತ್ತದೆ. ಬರಬೇಕಾದ ಶಬ್ದ ಕಡಿಮೆಯಾದಾಗ ಮೆದುಳು ತಾನೇ ಆಲಿಸುವಿಕೆಯನ್ನು ಹೆಚ್ಚಿಸಿಕೊಳ್ಳುತ್ತದೆ; ಕರ್ಣನಾದಕ್ಕೆ ಇದೊಂದು ಮುಖ್ಯ ಕಾರಣ. ನಿಶ್ಶಬ್ದದ ರಾತ್ರಿಯಲ್ಲಿ ಅದು ದೊಡ್ಡದಾಗುವುದು ಇದರಿಂದಲೇ. ಫ್ಯಾನಿನಂತಹ ಮೆಲುಸದ್ದು ಹತ್ತಿರವಿದ್ದರೆ ನಿದ್ರೆಗೆ ಅನುಕೂಲ.

ಮೂರನೆಯ ದಿನ ಅವನು ಕಾಯಿ ಬಲಿತಿದೆಯೇ ಎಂದು ಮರದ ಸುಳಿಯತ್ತ ತಲೆಯೆತ್ತುತ್ತಾನೆ; ತೋಟವೇ ಗಿರ್ರೆಂದು ಸುತ್ತುತ್ತದೆ. ರಾತ್ರಿ ಬಲಮಗ್ಗುಲಿಗೆ ಹೊರಳಿದಾಗಲೂ ಹಾಗೆಯೇ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಇದು ಬವಳಿಯಲ್ಲ, ನಿಶ್ಶಕ್ತಿಯೂ ಅಲ್ಲ. ಕಳಚಿದ ಹರಳುಗಳು ಅರ್ಧವರ್ತುಲ ನಾಳದೊಳಗೆ ಸೇರಿ, ತಲೆ ವಾಲಿದಾಗ ಅಲ್ಲಿನ ದ್ರವವನ್ನು ತಳ್ಳುತ್ತಿವೆ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬವರು ವಿವರಿಸಿದ ಪರೀಕ್ಷೆಯಲ್ಲಿ ರೋಗಿಯ ತಲೆಯನ್ನು 45 ಡಿಗ್ರಿ ಒಂದು ಕಡೆಗೆ ತಿರುಗಿಸಿ ಬೇಗನೆ ಹಿಂದಕ್ಕೆ ಮಲಗಿಸುತ್ತಾರೆ. ಹರಳು ಜಾರಿದ್ದರೆ ಕೆಲವು ಕ್ಷಣಗಳ ಬಳಿಕ ಕಣ್ಣುಗುಡ್ಡೆಗಳು ತಾವಾಗಿ ಮಿಡಿಯುತ್ತವೆ.

ಪರಿಹಾರವು ಔಷಧವಲ್ಲ, ಚಲನೆ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ, ಬಲಗಿವಿಯ ತೊಂದರೆಗೆ ಮುಖವನ್ನು ಬಲಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗಿರುವಂತೆ ಮಲಗಿಸುತ್ತಾರೆ. ಅನಂತರ ಮುಖವನ್ನು 90 ಡಿಗ್ರಿ ಎಡಕ್ಕೆ. ಅನಂತರ ದೇಹವನ್ನು ಎಡಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವಂತೆ. ಕೊನೆಗೆ ಎಬ್ಬಿಸಿ ಕೂರಿಸುತ್ತಾರೆ. ಒಂದೊಂದು ಭಂಗಿಗೂ ಅರ್ಧದಿಂದ ಒಂದು ನಿಮಿಷ. ಹರಳುಗಳು ನಾಳದಿಂದ ಉರುಳಿ ಹೊರಬೀಳುತ್ತವೆ. ಅನೇಕರಿಗೆ ಒಂದೆರಡು ಸಲಕ್ಕೇ ಗುಣ ಕಾಣುತ್ತದೆ. ಪೆಟ್ಟಿನಿಂದಾದುದಕ್ಕೆ ಹೆಚ್ಚು ಸಲ ಬೇಕಾಗಬಹುದು, ಮರುಕಳಿಸುವುದೂ ಉಂಟು. ಆದರೆ ಕುತ್ತಿಗೆಗೆ ಏಟಾಗಿಲ್ಲವೆಂದು ವೈದ್ಯರು ನಿಶ್ಚಯಿಸುವ ಮುನ್ನ ಇದನ್ನು ಮಾಡಲೇಕೂಡದು. ಪೂರ್ಣ ಗುಣವಾಗುವ ತನಕ ಮರ ಹತ್ತುವುದು, ವಾಹನ ನಡೆಸುವುದು, ಬಾವಿಯ ಅಂಚಿನಲ್ಲಿ ನಿಲ್ಲುವುದು ವರ್ಜ್ಯ.

ಗುಣವಾಗುವ ಕಾಲವನ್ನು ಹೀಗೆ ಎಣಿಸಬಹುದು. ಮೆದುಳಿನ ಲಘು ಅದಿರಿನಿಂದಾಗುವ ಮಂಕು, ತಲೆನೋವು, ಓಲಾಟಗಳು ಬಹುಮಂದಿಗೆ ಎರಡು ವಾರಗಳಿಂದ ಒಂದು ತಿಂಗಳೊಳಗೆ ಇಳಿಯುತ್ತವೆ. ತಮಟೆಯ ಹಿಂದೆ ನಿಂತ ರಕ್ತ ಕೆಲವು ವಾರಗಳಲ್ಲಿ ಹೀರಿಹೋಗುತ್ತದೆ; ತಮಟೆಯ ಸಣ್ಣ ಹರಕು ಎರಡು ಮೂರು ತಿಂಗಳೊಳಗೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಅದಾದ ಮೇಲೂ ಮಂದತನ ಉಳಿದರೆ ಮೂಳೆಗಳ ಸರಪಳಿ ಕಳಚಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯುಂಟು. ಶಂಖದ ಬಳಲಿಕೆ ಮೊದಲ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಸುಧಾರಿಸಬಹುದು. ಆದರೆ ಸತ್ತ ರೋಮಕೋಶ ಮತ್ತೆ ಹುಟ್ಟದು. ಅದರಿಂದ ಉಳಿಯುವ ಕೊರತೆ ಮತ್ತು ನಾದ ಕೆಲವರಲ್ಲಿ ಶಾಶ್ವತ. ಆದುದರಿಂದ ಕಿವಿ ಮಂದವಾದರೆ ಕೆಲವು ದಿನಗಳೊಳಗೇ ತಜ್ಞರಿಗೆ ತೋರಿಸತಕ್ಕದ್ದು. ಚಿಕಿತ್ಸೆಯಿಂದ ಪ್ರಯೋಜನವಾಗುವುದಿದ್ದರೆ ಅದು ಆರಂಭದಲ್ಲೇ. ಶ್ರವಣಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕಿವಿಗೆ ಬಿಸಿ ಕೊಬ್ಬರಿ ಎಣ್ಣೆ ಬಿಡುವುದು ಈ ಸೀಮೆಯ ರೂಢಿ. ಪೆಟ್ಟು ಬಿದ್ದ ಕಿವಿಗೆ ಅದು ಸಲ್ಲದು. ಹರಿದ ತಮಟೆಯ ಮೂಲಕ ಎಣ್ಣೆ ನಡುಗಿವಿಗೆ ಇಳಿದು ಕೀವಿಗೆ ಕಾರಣವಾಗುತ್ತದೆ. ಕಿವಿಯನ್ನು ಒಣಗಿಸಿಟ್ಟರೆ ಸಾಕು.

ಮೊದಲ 24 ಗಂಟೆ ರೋಗಿಯನ್ನು ಒಬ್ಬನೇ ಬಿಡಬಾರದು. ಏರುತ್ತಲೇ ಇರುವ ತಲೆನೋವು, ಮರುಮರಳಿ ವಾಂತಿ, ಎಬ್ಬಿಸಿದರೂ ಮಂಪರು, ಸೆಳವು, ಕೈಕಾಲಿನ ಸೋಲು, ಕಿವಿ ಮೂಗುಗಳಿಂದ ತಿಳಿನೀರು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದೆರಡು ದಿನದಲ್ಲಿ ಕಿವಿಯ ಹಿಂದೆ ಮೂಡುವ ಕರಿನೀಲಿ ಕಲೆ – ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ತಲೆಯ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯತಕ್ಕದ್ದು. ವಯಸ್ಸಾದವರೂ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರೂ ಈ ಚಿಹ್ನೆಗಳಿಗಾಗಿ ಕಾಯದೆ ಮೊದಲೇ ತೋರಿಸಿಕೊಳ್ಳುವುದು ಕ್ಷೇಮ. ಹೊರಗೆ ರಕ್ತ ಕಾಣದಿರುವುದು ಚರ್ಮದ ಸುದ್ದಿಯನ್ನಷ್ಟೇ ಹೇಳುತ್ತದೆ, ಒಳಗಿನದನ್ನಲ್ಲ.