ಕೆಲಸ ಬಿಟ್ಟಾಗ ಕಂಪನಿ ಕೇಳುವ ಹಣ: ಎಷ್ಟು ಕೊಡಬೇಕು, ಎಷ್ಟು ಕೊಡಬೇಕಿಲ್ಲ

ನಾಗಪುರದ ಮಿಹಾನ್‌ನಲ್ಲಿರುವ ಒಂದು ಸಾಫ್ಟ್‌ವೇರ್ ಕಂಪನಿಗೆ ಬೀದರಿನ ಹುಡುಗನೊಬ್ಬ ಜೂನ್ 1ರಂದು ಸೇರಿದ ಎಂದಿಟ್ಟುಕೊಳ್ಳಿ. ತಿಂಗಳ ಒಟ್ಟು ಸಂಬಳ 80,000 ರೂಪಾಯಿ, ಅದರಲ್ಲಿ ಮೂಲ ವೇತನ 40,000. ಸೇರುವಾಗ 2 ಲಕ್ಷ ರೂಪಾಯಿ ಜಾಯಿನಿಂಗ್ ಬೋನಸ್ ಕೊಟ್ಟರು. ಒಂದು ವರ್ಷದೊಳಗೆ ಬಿಟ್ಟರೆ ಅದನ್ನು ಪೂರ್ತಿ ಹಿಂತಿರುಗಿಸಬೇಕೆಂಬ ಷರತ್ತಿತ್ತು. ನೋಟಿಸ್ ಪೀರಿಯಡ್ 90 ದಿನ. ಇವುಗಳ ಜೊತೆಗೆ, ಎರಡು ವರ್ಷ ತುಂಬುವ ಮುನ್ನ ಬಿಟ್ಟರೆ ತರಬೇತಿ ಖರ್ಚೆಂದು 1 ಲಕ್ಷ ಕೊಡುವುದಾಗಿ ಒಂದು ಬಾಂಡ್‌ಗೂ ಸಹಿ ಹಾಕಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಜನವರಿ ಕೊನೆಗೆ ರಾಜೀನಾಮೆ ಕೊಟ್ಟ, ಮೂವತ್ತು ದಿನ ದುಡಿದು ಫೆಬ್ರವರಿ ಕೊನೆಗೆ ಹೊರಟ.

ಕೈಗೆ ಬಂದ ಅಂತಿಮ ಲೆಕ್ಕದ ಹಾಳೆ ಹೀಗಿತ್ತು. ಬಾಕಿ ಉಳಿದ ಅರವತ್ತು ದಿನಗಳ ನೋಟಿಸ್‌ಗೆ 1,60,000, ಬೋನಸ್ 2,00,000, ತರಬೇತಿ 1,00,000, ಒಟ್ಟು 4,60,000. ಅವನಿಗೆ ಬರಬೇಕಾದ ಫೆಬ್ರವರಿ ಸಂಬಳ 80,000 ಮತ್ತು ಬಳಸದ ರಜೆಯ 16,000 ಇದರಲ್ಲಿ ಕಳೆದುಹೋಗಿತ್ತು. ಉಳಿದ 3,64,000 ಕಟ್ಟಿದರೆ ಮಾತ್ರ ರಿಲೀವಿಂಗ್ ಲೆಟರ್ ಎಂದರು.

ಇದು ಕಲ್ಪಿತ ಉದಾಹರಣೆ. ಆದರೆ ಇಂಥ ಹಾಳೆ ಹಿಡಿದು ಬರುವವರು ಬಹಳ. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಸಹಿ ಹಾಕಿದ್ದೇನಲ್ಲ, ಕೊಡಲೇಬೇಕೇ?" ಇದರೊಳಗೆ ಎರಡು ಪ್ರಶ್ನೆಗಳಿವೆ. ಷರತ್ತು ಕಾನೂನಿನ ಮುಂದೆ ನಿಲ್ಲುತ್ತದೆಯೇ ಎಂಬುದು ಒಂದು. ನಿಂತರೂ ಅದರ ಹೆಸರಿನಲ್ಲಿ ಎಷ್ಟು ಹಣ ವಸೂಲಿ ಮಾಡಬಹುದು ಎಂಬುದು ಇನ್ನೊಂದು. ಕಂಪನಿಯ ಎಚ್‌ಆರ್ ಮೊದಲನೆಯದಕ್ಕೆ ಉತ್ತರ ಕೊಟ್ಟು, ಎರಡನೆಯದಕ್ಕೂ ಅದೇ ಉತ್ತರವೆಂಬಂತೆ ಮಾತಾಡುತ್ತದೆ.

ಮೊದಲನೆಯ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2025ರ ಮೇ 14ರಂದು ಉತ್ತರ ಹೇಳಿದೆ. ಪ್ರಕರಣ ನಮ್ಮದೇ ವಿಜಯಾ ಬ್ಯಾಂಕಿನದು. ಬ್ಯಾಂಕ್ 2006ರಲ್ಲಿ ಅಧಿಕಾರಿಗಳ ನೇಮಕಾತಿಗೆ ಪ್ರಕಟಣೆ ಹೊರಡಿಸಿತ್ತು. ಆಯ್ಕೆಯಾದವರು ಕನಿಷ್ಠ ಮೂರು ವರ್ಷ ದುಡಿಯಬೇಕು, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬುದು ಅದರ ಷರತ್ತು. ಪ್ರಶಾಂತ್ ನರ್ನಾವರೆ 2007ರ ಸೆಪ್ಟೆಂಬರಿನಲ್ಲಿ ಹಿರಿಯ ವ್ಯವಸ್ಥಾಪಕರಾಗಿ ಸೇರಿ, 2009ರ ಜುಲೈಯಲ್ಲಿ ಐಡಿಬಿಐ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಪ್ರತಿಭಟನೆ ದಾಖಲಿಸಿಯೇ 2 ಲಕ್ಷ ಕಟ್ಟಿದರು, ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋದರು. ಅಲ್ಲಿ ಏಕಸದಸ್ಯ ಪೀಠದಲ್ಲೂ ವಿಭಾಗೀಯ ಪೀಠದಲ್ಲೂ ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಪಿ. ಎಸ್. ನರಸಿಂಹ ಮತ್ತು ಜೊಯ್‌ಮಾಲ್ಯ ಬಾಗ್ಚಿ ಅವರ ಪೀಠ ಆ ತೀರ್ಪನ್ನು ತಿರುಗಿಸಿತು.

ತೀರ್ಪಿನ ಕಾರಣಗಳನ್ನು ನಿಧಾನವಾಗಿ ಓದಬೇಕು. ಇದನ್ನೇ ಹಿಡಿದು "ಬಾಂಡ್ ಸರಿ ಅಂತ ಸುಪ್ರೀಂ ಕೋರ್ಟೇ ಹೇಳಿದೆ" ಎಂದು ಎಲ್ಲರ ಬಾಯಿ ಮುಚ್ಚಿಸಲಾಗುತ್ತಿದೆ. 1872ರ ಕರಾರು ಕಾಯ್ದೆಯ 27ನೇ ಕಲಂ ವೃತ್ತಿಗೆ ತಡೆ ಹಾಕುವ ಒಪ್ಪಂದವನ್ನು ಅನೂರ್ಜಿತವೆನ್ನುತ್ತದೆ. ಈ ಷರತ್ತು ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯುವುದನ್ನು ತಡೆಯುವುದಿಲ್ಲ, ಕೆಲಸದಲ್ಲಿದ್ದಾಗಿನ ಅವಧಿಗಷ್ಟೇ ಅನ್ವಯಿಸುತ್ತದೆ. ಹಾಗಾಗಿ 27ನೇ ಕಲಂ ಅಡ್ಡಬರುವುದಿಲ್ಲ ಎಂದಿತು ನ್ಯಾಯಾಲಯ. ಮುಂದಿನ ಕಾರಣ ಸಾರ್ವಜನಿಕ ವಲಯದ ಬ್ಯಾಂಕಿನ ವಿಶೇಷ ಪರಿಸ್ಥಿತಿ. ಅದು ಖಾಸಗಿ ಕಂಪನಿಯಂತೆ ಬೇಕಾದವರನ್ನು ಕರೆದು ಕೂರಿಸಿಕೊಳ್ಳುವಂತಿಲ್ಲ, ಒಬ್ಬರು ಬಿಟ್ಟರೆ ಮತ್ತೆ ಬಹಿರಂಗ ನೇಮಕಾತಿಯ ದೀರ್ಘ, ದುಬಾರಿ ದಾರಿಯನ್ನೇ ಹಿಡಿಯಬೇಕು. ಇನ್ನೊಂದು ಕಾರಣ, ಹಿರಿಯ ವ್ಯವಸ್ಥಾಪಕರ ಸಂಬಳಕ್ಕೆ 2 ಲಕ್ಷವೆಂಬುದು ರಾಜೀನಾಮೆಯನ್ನೇ ಅಸಾಧ್ಯವಾಗಿಸುವಷ್ಟು ದೊಡ್ಡ ಮೊತ್ತವಲ್ಲ ಎಂಬುದು.

ಮೊದಲ ಕಾರಣ ಮಿಹಾನ್‌ನ ಕಂಪನಿಗೂ ಸಲ್ಲುತ್ತದೆ. ಎರಡನೆಯದು ಸಲ್ಲುವುದಿಲ್ಲ. ಮೂರನೆಯದನ್ನು ಪ್ರತಿ ಪ್ರಕರಣದಲ್ಲೂ ಹೊಸದಾಗಿ ಅಳೆಯಬೇಕು. ಹೀಗೆ ಓದಿದರೆ ತೀರ್ಪು ಷರತ್ತಿಗೆ ಬಲ ಕೊಟ್ಟಿದೆ, ಆದರೆ ಹಾಳೆಯಲ್ಲಿ ಬರೆದ ಪ್ರತಿ ಅಂಕಿಗೂ ಮುದ್ರೆ ಒತ್ತಿಲ್ಲ.

ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇರುವುದು ಅದೇ ಕಾಯ್ದೆಯ 74ನೇ ಕಲಂನಲ್ಲಿ. ಕರಾರು ಮುರಿದಾಗ ಕೊಡಬೇಕಾದ ಮೊತ್ತವನ್ನು ಮೊದಲೇ ಬರೆದಿಟ್ಟಿದ್ದರೂ, ಸಿಗುವುದು ಆ ಮೊತ್ತವನ್ನು ಮೀರದ ನ್ಯಾಯಯುತ ಪರಿಹಾರ ಮಾತ್ರ. ಬರೆದ ಮೊತ್ತವೆಂದರೆ ಗರಿಷ್ಠ ಮಿತಿ. ಕೈಲಾಸ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ನಷ್ಟವೇ ಆಗಿಲ್ಲವಾದರೆ ಪರಿಹಾರವಿಲ್ಲ, ನಷ್ಟವನ್ನು ಸಾಬೀತು ಮಾಡಲು ಸಾಧ್ಯವಿದ್ದಲ್ಲಿ ಮಾಡಲೇಬೇಕು.

ಇದು ಉದ್ಯೋಗದ ಬಾಂಡ್‌ಗೆ ಹೇಗೆ ಅನ್ವಯಿಸುತ್ತದೆ ಎಂಬುದಕ್ಕೆ ದೆಹಲಿ ಹೈಕೋರ್ಟಿನ ಮುಂದೆ 2011ರಲ್ಲಿ ತೀರ್ಮಾನವಾದ ಸಿಕ್ಪಾ ಇಂಡಿಯಾ ಪ್ರಕರಣ ಒಳ್ಳೆಯ ಮಾದರಿ. ಮೂರು ವರ್ಷ ದುಡಿಯುವೆ, ಇಲ್ಲವಾದರೆ 2 ಲಕ್ಷ ಕೊಡುವೆ ಎಂದು ಬಾಂಡ್ ಇತ್ತು. ನೌಕರ ಸುಮಾರು ಎರಡು ವರ್ಷ ದುಡಿದು ಹೋದ. ಕಂಪನಿ ತರಬೇತಿಗೆ ನಿಜವಾಗಿ ಖರ್ಚು ಮಾಡಿದ್ದು 67,596 ರೂಪಾಯಿ. ಮೂರರಲ್ಲಿ ಎರಡು ಭಾಗದ ಸೇವೆ ಆಗಿತ್ತಾದ್ದರಿಂದ ಉಳಿದ ಒಂದು ಭಾಗಕ್ಕೆ ಕಂಪನಿಗೆ ಸಿಕ್ಕಿದ್ದು 22,532 ರೂಪಾಯಿ. ಎರಡು ಲಕ್ಷದ ಬಾಂಡ್ ಅಷ್ಟಕ್ಕೆ ಇಳಿಯಿತು.

ಈಗ ಬೀದರಿನ ಹುಡುಗನ ಹಾಳೆಗೆ ಬರೋಣ. ಮೂರೂ ಮೊತ್ತಗಳನ್ನು ಬೇರೆ ಬೇರೆ ಮಾಡಿ ನೋಡಬೇಕು, ಏಕೆಂದರೆ ಮೂರರ ಸ್ವರೂಪವೂ ಬೇರೆ.

ನೋಟಿಸ್ ಹಣದಲ್ಲಿ ನೇಮಕಾತಿ ಪತ್ರದ ಪದಗಳೇ ಎಲ್ಲ. "ನೋಟಿಸ್ ಅಥವಾ ಅದರ ಬದಲು ಮೂಲ ವೇತನ" ಎಂದಿದ್ದರೆ ಆಯ್ಕೆ ನೌಕರನದು. ಹಣ ಕಟ್ಟಿ ಹೊರಟರೆ ಅದು ಕರಾರು ಪಾಲಿಸಿದ ಹಾಗೆಯೇ, ಮುರಿದ ಹಾಗಲ್ಲ. ಇದೇ ಬೈಔಟ್. ಬೈಔಟ್ ಕಂಪನಿಯ ಒಪ್ಪಿಗೆಗೆ ಬಿಟ್ಟದ್ದು ಎಂದು ಬರೆದಿದ್ದರೆ, ಒಪ್ಪಿಗೆಯಿಲ್ಲದೆ ಹೋಗುವುದು ಉಲ್ಲಂಘನೆ. ಆಗಲೂ ಬಲವಂತವಾಗಿ ದುಡಿಸಿಕೊಳ್ಳುವ ಆದೇಶವನ್ನು ಯಾವ ನ್ಯಾಯಾಲಯವೂ ಕೊಡುವುದಿಲ್ಲ, ಪರಿಹಾರದ ಪ್ರಶ್ನೆ ಮಾತ್ರ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಪತ್ರ ಮೂಲ ವೇತನ ಎಂದಿತ್ತು, ಹಾಳೆಯಲ್ಲಿ ಲೆಕ್ಕ ಹಾಕಿದ್ದು ಒಟ್ಟು ಸಂಬಳದ ಮೇಲೆ. ಎರಡು ತಿಂಗಳಿಗೆ ಸಲ್ಲಬೇಕಾದ್ದು 80,000, ಕೇಳಿದ್ದು ಅದರ ದುಪ್ಪಟ್ಟು. ಈ ಒಂದು ತಪ್ಪು ಬಹಳ ಹಾಳೆಗಳಲ್ಲಿ ಇರುತ್ತದೆ. ನೋಟಿಸ್ ವಸೂಲಿಯ ಮೇಲೆ ಜಿಎಸ್‌ಟಿ ಸೇರಿಸಿದ್ದರೆ ಅದೂ ತಪ್ಪು. ಅದಕ್ಕೆ ಜಿಎಸ್‌ಟಿ ಇಲ್ಲವೆಂದು 2022ರ ಆಗಸ್ಟ್ 3ರ 178ನೇ ಸಂಖ್ಯೆಯ ಸುತ್ತೋಲೆ ತಿಳಿಸಿದೆ.

ಜಾಯಿನಿಂಗ್ ಬೋನಸ್ಸಿನಲ್ಲಿ ನೌಕರನ ವಾದ ಇಷ್ಟು ಗಟ್ಟಿಯಲ್ಲ, ಅದನ್ನು ಮುಚ್ಚಿಡಬಾರದು. "ಇದು ಮುಂಗಡ, ಹನ್ನೆರಡು ತಿಂಗಳು ತುಂಬಿದ ಮೇಲಷ್ಟೇ ನಿಮ್ಮದಾಗುತ್ತದೆ" ಎಂದು ಬರೆದಿದ್ದರೆ, ಕಂಪನಿ ಕೇಳುತ್ತಿರುವುದು ದಂಡವಲ್ಲ, ತಾನು ಕೊಟ್ಟ ಹಣ. ಪೂರ್ತಿ ಹಿಂತಿರುಗಿಸಬೇಕಾಗಿ ಬರಬಹುದು. ಸೇರಿದ್ದಕ್ಕೆ ಕೊಟ್ಟ ಬೋನಸ್, ಬೇಗ ಬಿಟ್ಟರೆ ವಾಪಸು ಎಂಬ ಧಾಟಿಯಲ್ಲಿದ್ದರೆ 74ನೇ ಕಲಂನ ವಾದಕ್ಕೆ ಜಾಗವಿದೆ: ಹನ್ನೆರಡರಲ್ಲಿ ಒಂಬತ್ತು ತಿಂಗಳು ದುಡಿದಾಗಿದೆ, ಉಳಿದ ಕಾಲು ಭಾಗಕ್ಕೆ 50,000 ನ್ಯಾಯ ಎಂದು ಕೇಳಬಹುದು. ಕಂಪನಿ ಇದನ್ನು ಒಪ್ಪುವುದು ಮಾತುಕತೆಯಲ್ಲಿ. ಸಹಿ ಹಾಕುವ ಮೊದಲೇ ತಿಂಗಳ ಲೆಕ್ಕದಲ್ಲಿ ಇಳಿಯುವ ಷರತ್ತು ಬರೆಸಿಕೊಂಡವರಿಗೆ ಈ ತಾಪತ್ರಯವೇ ಇರುವುದಿಲ್ಲ.

ಬೋನಸ್ಸಿನಲ್ಲಿ ತೆರಿಗೆಯ ಗಂಟೂ ಇದೆ. ಎರಡು ಲಕ್ಷದಲ್ಲಿ ಶೇಕಡಾ 20ರ ದರಕ್ಕೆ ಸೆಸ್ ಸೇರಿ 41,600 ರೂಪಾಯಿ ಟಿಡಿಎಸ್ ಕಡಿತವಾಗಿದ್ದರೆ, ಕೈಗೆ ಬಂದದ್ದು 1,58,400. ಕಂಪನಿ ವಾಪಸು ಕೇಳುವುದು ಪೂರ್ತಿ 2 ಲಕ್ಷ. ನಮ್ಮ ಹುಡುಗ ಹೊರಟಿದ್ದು ಫೆಬ್ರವರಿಯಲ್ಲಿ, ಅಂದರೆ ಬೋನಸ್ ಬಂದ ಅದೇ ಹಣಕಾಸು ವರ್ಷದಲ್ಲಿ. ಹಾಗಾಗಿ ಸಂಬಳದ ಲೆಕ್ಕದಲ್ಲೇ ಬೋನಸ್ ರದ್ದುಮಾಡಿ ಟಿಡಿಎಸ್ ಸರಿಪಡಿಸಿ, ಫಾರ್ಮ್ 16ರಲ್ಲಿ ಕಡಿಮೆಯಾದ ಆದಾಯವನ್ನೇ ತೋರಿಸಿ ಎಂದು ಲಿಖಿತವಾಗಿ ಕೇಳಬೇಕು. ಮಾರ್ಚ್ 31 ದಾಟಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಕೈಗೆ ಬಾರದ ಹಣದ ತೆರಿಗೆಯನ್ನು ಬಿಡಿಸಿಕೊಳ್ಳಲು ಇಲಾಖೆಯೊಂದಿಗೆ ಹೆಣಗಬೇಕಾಗುತ್ತದೆ. ಬಿಡುವ ದಿನ ಆರಿಸಿಕೊಳ್ಳುವ ಅವಕಾಶವಿದ್ದರೆ ಇದನ್ನು ಮರೆಯಬೇಡಿ.

ಮೂರನೆಯದು ತರಬೇತಿಯ ಬಾಂಡ್, ಹಾಳೆಯಲ್ಲಿ ಅತಿ ದುರ್ಬಲವಾದದ್ದು. ಹೊಸಬರಿಗೆಲ್ಲ ಕೊಡುವ ಹತ್ತು ದಿನದ ಪರಿಚಯ ತರಗತಿಯೇ ತರಬೇತಿಯಾದರೆ, ಹೊರಗಿನ ಸಂಸ್ಥೆಗೆ ಕಟ್ಟಿದ ಶುಲ್ಕದ ರಸೀದಿ, ಪ್ರಯಾಣ, ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಿ. ಖರ್ಚು ತೋರಿಸಿದರೆ, ದುಡಿದ ತಿಂಗಳುಗಳನ್ನು ಕಳೆದು ಉಳಿದದ್ದಕ್ಕೆ ಮಾತ್ರ ಒಪ್ಪಿ.

ಇನ್ನು ಫೆಬ್ರವರಿಯ ಸಂಬಳ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ 17ನೇ ಕಲಂ ಪ್ರಕಾರ, ರಾಜೀನಾಮೆ ಕೊಟ್ಟವರ ವೇತನ ಎರಡು ಕೆಲಸದ ದಿನಗಳೊಳಗೆ ಸಂದಾಯವಾಗಬೇಕು. 18ನೇ ಕಲಂ ಯಾವ ಕಡಿತ ಮಾಡಬಹುದೆಂದು ಪಟ್ಟಿ ಕೊಟ್ಟಿದೆ. ಅದರಲ್ಲಿ ಮುಂಗಡದ ವಸೂಲಿ ಇದೆ, ಗೈರುಹಾಜರಿ ಇದೆ, ತರಬೇತಿಯ ಬಾಂಡ್ ಇಲ್ಲ. ಪಟ್ಟಿಯೊಳಗಿನ ಕಡಿತಗಳೂ ಸೇರಿ ವೇತನದ ಅರ್ಧ ಮೀರುವಂತಿಲ್ಲ. ಹಾಗಾಗಿ ಕಂಪನಿಯ ವಾದ ಪೂರ್ತಿ ಸರಿಯಿದ್ದರೂ ಆ 80,000ದಲ್ಲಿ ಕನಿಷ್ಠ 40,000 ಅವನ ಖಾತೆಗೆ ಬರಬೇಕಿತ್ತು. ಮಿಕ್ಕದ್ದನ್ನು ಕಂಪನಿ ಬೇರೆಯಾಗಿ ಕೇಳಿಕೊಳ್ಳಲಿ. ವ್ಯವಸ್ಥಾಪಕ ಹುದ್ದೆಯವರೂ ಈ ಸಂಹಿತೆಯ "ನೌಕರ" ವ್ಯಾಖ್ಯೆಯೊಳಗೆ ಬರುತ್ತಾರೆ. ಭವಿಷ್ಯನಿಧಿಯ ಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಅದನ್ನು ತಡೆಹಿಡಿಯುವ ಅಧಿಕಾರ ಕಂಪನಿಗಿಲ್ಲ.

ಮಾಡಬೇಕಾದ್ದು ಇಷ್ಟು. ರಾಜೀನಾಮೆಯನ್ನು ಇ-ಮೇಲ್‌ನಲ್ಲಿ ಕೊಟ್ಟು ಕೊನೆಯ ದಿನ ನಮೂದಿಸಿ. ಕಚೇರಿಯ ಖಾತೆ ಮುಚ್ಚುವ ಮುನ್ನ ನೇಮಕಾತಿ ಪತ್ರ, ಬಾಂಡ್, ಸಂಬಳದ ಚೀಟಿಗಳ ಪ್ರತಿಯನ್ನು ಸ್ವಂತ ಖಾತೆಗೆ ತೆಗೆದಿಟ್ಟುಕೊಳ್ಳಿ. ಹಾಳೆ ಬಂದ ಮೇಲೆ ಪ್ರತಿ ಮೊತ್ತಕ್ಕೂ ಯಾವ ಷರತ್ತು, ಯಾವ ಲೆಕ್ಕ, ಯಾವ ರಸೀದಿ ಎಂದು ಕೇಳಿ, ನಿಮ್ಮ ಲೆಕ್ಕವನ್ನೂ ಬರೆದು ಕಳಿಸಿ. ಹೊಸ ಕಂಪನಿ ರಿಲೀವಿಂಗ್ ಲೆಟರ್‌ಗೆ ಕಾಯುತ್ತಿದ್ದು ಕಟ್ಟಲೇಬೇಕಾಗಿ ಬಂದರೆ, ನರ್ನಾವರೆ ಮಾಡಿದಂತೆ ಪ್ರತಿಭಟನೆ ದಾಖಲಿಸಿ ಕಟ್ಟಿ, "ನನ್ನ ಬೇಡಿಕೆಯೇನೂ ಉಳಿದಿಲ್ಲ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಭದ್ರತೆಗೆಂದು ಖಾಲಿ ಚೆಕ್ ಕೊಡುವುದಂತೂ ಬೇಡವೇ ಬೇಡ. ಬಾಂಡ್ ವಿವಾದ ಬರೀ ಸಿವಿಲ್ ವ್ಯಾಜ್ಯ, ಚೆಕ್ ವಾಪಸಾದರೆ ಅದು ಕ್ರಿಮಿನಲ್ ಮೊಕದ್ದಮೆಯಾಗುತ್ತದೆ. ಹೊಸ ಕಂಪನಿ ಬೈಔಟ್ ಹಣ ಭರಿಸುತ್ತೇನೆ ಎಂದರೆ ಅದಕ್ಕೂ ವಾಪಸಾತಿಯ ಷರತ್ತಿದೆಯೇ ನೋಡಿಕೊಳ್ಳಿ, ಸಾಮಾನ್ಯವಾಗಿ ಇರುತ್ತದೆ.

ವಕೀಲರ ನೋಟಿಸ್ ಬಂದರೆ ಹೆದರಬೇಕಿಲ್ಲ, ಅದು ತೀರ್ಪಲ್ಲ. ಆದರೆ ಉತ್ತರ ಕೊಡದೆ ಬಿಡಬಾರದು. ದಾವೆ ಎಲ್ಲಿ ನಡೆಯುತ್ತದೆ ಎಂಬುದನ್ನೂ ನೇಮಕಾತಿ ಪತ್ರದಲ್ಲಿ ಓದಿಕೊಳ್ಳಿ. "ಬೆಂಗಳೂರಿನ ನ್ಯಾಯಾಲಯಗಳಲ್ಲಿ ಮಾತ್ರ" ಎಂದಿದ್ದರೆ ನಾಗಪುರದಲ್ಲಿ ಸಿವಿಲ್ ದಾವೆ ಹೂಡುವುದು ಕಷ್ಟ. ಇಂಥ ಷರತ್ತು ಉದ್ಯೋಗ ಕರಾರಿನಲ್ಲೂ ಊರ್ಜಿತವೆಂದು 2025ರ ಏಪ್ರಿಲಿನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ಸಿವಿಲ್ ದಾವೆಗಳ ಕುರಿತದ್ದು. ತಡೆಹಿಡಿದ ಸಂಬಳದ ಅರ್ಜಿ ವೇತನ ಸಂಹಿತೆಯ 45ನೇ ಕಲಂನಡಿ ಸರ್ಕಾರ ನೇಮಿಸಿದ ಪ್ರಾಧಿಕಾರದ ಮುಂದೆ ಹೋಗುತ್ತದೆ. ಯಾವ ಅಧಿಕಾರಿ ಎಂಬುದನ್ನು ನಾಗಪುರದ ಕಾರ್ಮಿಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಗೆ ಮೂರು ವರ್ಷದ ಗಡುವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ, ಮತ್ತು ಸಂಬಳ ಸಂದಾಯವಾಗಿದೆ ಎಂದು ಸಾಬೀತು ಮಾಡುವ ಹೊಣೆ 59ನೇ ಕಲಂ ಪ್ರಕಾರ ಕಂಪನಿಯದು.