ಸಂಜೆ ಏಳು ಗಂಟೆಯ ಅಂಕಿ: ಡಾಲರ್ ಏಕೆ ದಿಢೀರ್ ಜಿಗಿಯುತ್ತದೆ, ಕುಸಿಯುತ್ತದೆ?

2022ರ ನವೆಂಬರ್ 10, ಗುರುವಾರ. ನಮ್ಮ ಗಡಿಯಾರದಲ್ಲಿ ಸಂಜೆ ಏಳು. ಅಮೆರಿಕದ ಕಾರ್ಮಿಕ ಅಂಕಿಅಂಶ ಕಚೇರಿ ಅಕ್ಟೋಬರ್ ತಿಂಗಳ ಹಣದುಬ್ಬರದ ಅಂಕಿಯನ್ನು ಹೊರಗೆ ಹಾಕಿತು. ಹಣದುಬ್ಬರ ಶೇ 7.7. ಯಾವ ಲೆಕ್ಕದಲ್ಲಿ ನೋಡಿದರೂ ಅದು ವಿಪರೀತ ಬೆಲೆ ಏರಿಕೆಯೇ. ಹಾಗಿದ್ದರೂ ಮಾರುಕಟ್ಟೆ ಅದನ್ನು ಸಿಹಿಸುದ್ದಿಯೆಂದೇ ತೆಗೆದುಕೊಂಡಿತು. ನಿಮಿಷಗಳಲ್ಲೇ ಡಾಲರ್ ಕುಸಿಯತೊಡಗಿತು. 146 ಜಪಾನಿ ಯೆನ್‌ನ ಆಸುಪಾಸಿನಲ್ಲಿದ್ದ ಒಂದು ಡಾಲರ್, ಆ ದಿನದ ವಹಿವಾಟು ಮುಗಿಯುವ ಹೊತ್ತಿಗೆ ಸುಮಾರು 141 ಯೆನ್‌ಗೆ ಇಳಿದಿತ್ತು.

ಹೊಸಬರಿಗೆ ಗೊಂದಲವಾಗುವುದು ಇಲ್ಲೇ. ಶೇ 7.7 ಅಂದರೆ ಕೆಟ್ಟ ಸುದ್ದಿಯಲ್ಲವೇ? ಈ ಒಂದು ಸಂಜೆಯನ್ನು ಹಂತ ಹಂತವಾಗಿ ಬಿಡಿಸಿ ನೋಡೋಣ. ಇದೇ ಕ್ರಮದಲ್ಲಿ ಮುಂದಿನ ಯಾವ ಅಂಕಿಯನ್ನಾದರೂ ನೀವೇ ಓದಬಹುದು.

ಹಂತ 1: ಸಮಯ ಗುರುತು ಹಾಕಿಕೊಳ್ಳಿ

ಅಮೆರಿಕದ ಉದ್ಯೋಗ ವರದಿ ಮತ್ತು ಗ್ರಾಹಕ ಬೆಲೆ ಸೂಚ್ಯಂಕ, ಎರಡೂ ಅಲ್ಲಿನ ಪೂರ್ವ ಕರಾವಳಿಯ ಸಮಯದಂತೆ ಬೆಳಿಗ್ಗೆ 8.30ಕ್ಕೆ ಬರುತ್ತವೆ. ಉದ್ಯೋಗ ವರದಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ, ಬೆಲೆ ಸೂಚ್ಯಂಕ ತಿಂಗಳ ಮಧ್ಯದ ಹೊತ್ತಿಗೆ. ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿಕೊಳ್ಳುವುದರಿಂದ ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ನಮಗೆ ಅದು ಸಂಜೆ 6 ಗಂಟೆ, ಉಳಿದ ತಿಂಗಳುಗಳಲ್ಲಿ 7 ಗಂಟೆ.

ಹಂತ 2: ಅಂಕಿ ಬರುವ ಮೊದಲೇ ನಿರೀಕ್ಷೆಯನ್ನು ಬರೆದಿಡಿ

ಇದನ್ನು ಬಿಟ್ಟರೆ ಉಳಿದ ಹಂತಗಳಿಗೆ ಅರ್ಥವಿಲ್ಲ. ಸುದ್ದಿ ಸಂಸ್ಥೆಗಳು ಹಲವಾರು ಅರ್ಥಶಾಸ್ತ್ರಜ್ಞರನ್ನು ಕೇಳಿ ಒಂದು ಅಂದಾಜನ್ನು ಮೊದಲೇ ಪ್ರಕಟಿಸುತ್ತವೆ. ಡಾಲರ್ ಕೊಳ್ಳುವವರು, ಮಾರುವವರು ಆ ಅಂದಾಜನ್ನು ನಂಬಿ ಆಗಲೇ ವ್ಯವಹಾರ ಮಾಡಿರುತ್ತಾರೆ. ಅಂದರೆ ನಿರೀಕ್ಷಿತ ಅಂಕಿ ಇವತ್ತಿನ ಬೆಲೆಯೊಳಗೇ ಸೇರಿಹೋಗಿದೆ. ಅದೇ ಅಂಕಿ ಬಂದರೆ ಬೆಲೆ ಅಲುಗಾಡಲು ಕಾರಣವೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಹಿಂದಿನದು, ನಿರೀಕ್ಷೆ, ಬಂದದ್ದು. ಆ ಸಂಜೆ ನೋಡಬೇಕಾಗಿದ್ದ ಸಾಲು ಕೋರ್ ಹಣದುಬ್ಬರದ್ದು, ಅಂದರೆ ಆಹಾರ ಮತ್ತು ಇಂಧನವನ್ನು ಬಿಟ್ಟು ಲೆಕ್ಕ ಹಾಕಿದ, ತಿಂಗಳಿಂದ ತಿಂಗಳಿಗೆ ಆದ ಏರಿಕೆ. ಹಿಂದಿನ ತಿಂಗಳು ಅದು ಶೇ 0.6 ಇತ್ತು. ನಿರೀಕ್ಷೆ ಶೇ 0.5. ಬಂದದ್ದು ಶೇ 0.3.

ಹಂತ 3: ಅಂತರವನ್ನು ತೂಗಿ ನೋಡಿ

ಶೇ 0.5 ಎಲ್ಲಿ, 0.3 ಎಲ್ಲಿ, ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಗಲಾಟೆಯೇ ಅನ್ನಿಸಬಹುದು. ಒಂದು ಲೆಕ್ಕ ಹಾಕಿ. ತಿಂಗಳಿಗೆ ಶೇ 0.5ರಂತೆ ಹನ್ನೆರಡು ತಿಂಗಳು ಬೆಲೆ ಏರಿದರೆ ವರ್ಷಕ್ಕೆ ಸುಮಾರು ಶೇ 6.2 ಆಗುತ್ತದೆ. ತಿಂಗಳಿಗೆ ಶೇ 0.3ರಂತೆ ಏರಿದರೆ ಶೇ 3.7. ಮೊದಲನೆಯದು ಕೈಮೀರಿದ ಬೆಲೆ ಏರಿಕೆ. ಎರಡನೆಯದು ಹತೋಟಿಗೆ ಬರುತ್ತಿರುವ ಲಕ್ಷಣ. ಮಾರುಕಟ್ಟೆಗೆ ಕಂಡದ್ದು ಈ ವ್ಯತ್ಯಾಸ. ಹಾಗಾಗಿ ಅಂಕಿ ದೊಡ್ಡದೋ ಚಿಕ್ಕದೋ ಎಂದು ನೋಡುತ್ತ ಕೂರಬೇಡಿ, ನಿರೀಕ್ಷೆಯಿಂದ ಎಷ್ಟು ದೂರ ಬಿದ್ದಿದೆ ಎಂಬುದನ್ನು ನೋಡಿ.

ಹಂತ 4: ಡಾಲರ್‌ಗಿಂತ ಮೊದಲು ಎರಡು ವರ್ಷದ ಬಾಂಡ್ ನೋಡಿ

ಬೆಲೆ ಏರಿಕೆಗೂ ಡಾಲರ್ ದರಕ್ಕೂ ನಡುವಿನ ಕೊಂಡಿ ಬಡ್ಡಿ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಆ ವರ್ಷ ಜೂನ್‌ನಿಂದ ನವೆಂಬರ್‌ವರೆಗೆ ಸತತ ನಾಲ್ಕು ಸಭೆಗಳಲ್ಲಿ ಶೇ 0.75ರಂತೆ ಬಡ್ಡಿ ಏರಿಸಿತ್ತು. ಎಲ್ಲಿ ಹೆಚ್ಚು ಬಡ್ಡಿ ಸಿಗುತ್ತದೋ ಜಗತ್ತಿನ ದುಡ್ಡು ಅಲ್ಲಿಗೆ ಹರಿಯುತ್ತದೆ. ಅಮೆರಿಕದಲ್ಲಿ ಹೂಡಬೇಕಾದರೆ ಡಾಲರ್ ಬೇಕು, ಆದ್ದರಿಂದ ಡಾಲರ್‌ಗೆ ಬೇಡಿಕೆ. ಜಪಾನಿನಲ್ಲಿ ಆಗ ಬಡ್ಡಿ ಸೊನ್ನೆಯ ಹತ್ತಿರವೇ ಇತ್ತು. ಯೆನ್ ಅಷ್ಟು ಸೊರಗಿದ್ದಕ್ಕೂ, ಆ ಸಂಜೆ ಅಷ್ಟು ಜೋರಾಗಿ ಪುಟಿದದ್ದಕ್ಕೂ ಇದೇ ಕಾರಣ.

ಕೋರ್ 0.3 ಎಂದು ಕಂಡ ಕೂಡಲೇ ಎಲ್ಲರೂ ಮಾಡಿದ ಲೆಕ್ಕ ಒಂದೇ: ಫೆಡ್ ಇನ್ನು ಇಷ್ಟು ಜೋರಾಗಿ ಬಡ್ಡಿ ಏರಿಸಲಾರದು. ಮುಂದಿನ ಎರಡು ವರ್ಷಗಳ ಬಡ್ಡಿಯ ಬಗ್ಗೆ ಮಾರುಕಟ್ಟೆಯ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಎರಡು ವರ್ಷದ ಸರ್ಕಾರಿ ಬಾಂಡ್‌ನ ಇಳುವರಿ ತೋರಿಸುತ್ತದೆ. ಹಿಂದಿನ ದಿನ ಸುಮಾರು ಶೇ 4.6 ಇದ್ದ ಅದು ಆ ದಿನ ಶೇ 4.3ರ ಹತ್ತಿರಕ್ಕೆ ಬಿತ್ತು. ಡಾಲರ್ ಬಾಂಡಿನ ಜೊತೆಗೇ ಇಳಿಯಿತು. ಡಿಸೆಂಬರ್ ಸಭೆಯಲ್ಲಿ ಫೆಡ್ ಬಡ್ಡಿ ಏರಿಸಿದ್ದು ಶೇ 0.50 ಮಾತ್ರ.

ಡಾಲರ್ ಜಿಗಿದರೂ ಬಾಂಡ್ ಕದಲದೆ ಇದ್ದರೆ, ಆ ಜಿಗಿತವನ್ನು ನಂಬಲು ನಾನು ಅವಸರ ಮಾಡುವುದಿಲ್ಲ.

ಹಂತ 5: ಮೊದಲ ನಿಮಿಷದಲ್ಲಿ ಕೈ ಕಟ್ಟಿ ಕೂರಿ

ಏಳು ಗಂಟೆಗೆ ಕೆಲವು ಕ್ಷಣ ಮೊದಲು, ಬೆಲೆ ಹೇಳುವ ಬ್ಯಾಂಕುಗಳು ತಮ್ಮ ಆರ್ಡರ್‌ಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತವೆ ಇಲ್ಲವೇ ತೀರ ಕಡಿಮೆ ಮಾಡುತ್ತವೆ. ಯಾವ ಕಡೆ ಗಾಳಿ ಬೀಸುತ್ತದೋ ಗೊತ್ತಿಲ್ಲದಾಗ ಹಳೆ ಬೆಲೆಗೆ ಸಿಕ್ಕಿಬೀಳಲು ಯಾರಿಗೂ ಇಷ್ಟವಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ ಆಗ ಹಲವು ಪಟ್ಟು ಹಿಗ್ಗುತ್ತದೆ. ಅಂಕಿ ಬಂದೊಡನೆ ಕಂಪ್ಯೂಟರ್‌ಗಳು ಸೆಕೆಂಡಿನ ಸಣ್ಣ ಚೂರಿನಲ್ಲಿ ಅದನ್ನು ಓದಿ ಮಾರಲು ಶುರುಮಾಡುತ್ತವೆ. ಎದುರಿಗೆ ಕೊಳ್ಳುವವರು ಕಡಿಮೆ, ಆದ್ದರಿಂದ ಬೆಲೆ ಮೆಟ್ಟಿಲಿಳಿಯುವುದಿಲ್ಲ, ಧುಮುಕುತ್ತದೆ. ದಾರಿಯಲ್ಲಿ ಸಿಗುವ ಸ್ಟಾಪ್‌ಲಾಸ್ ಆರ್ಡರ್‌ಗಳು, ಅಂದರೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡು ಎಂದು ಮೊದಲೇ ಕೊಟ್ಟ ಸೂಚನೆಗಳು, ಒಂದರ ಹಿಂದೆ ಒಂದು ಜಾರಿಯಾಗಿ ಇನ್ನಷ್ಟು ತಳ್ಳುತ್ತವೆ. 145ಕ್ಕೆ ಮಾರು ಎಂದವನ ಡಾಲರ್ ಅದಕ್ಕಿಂತ ಕೆಳಗಿನ ಬೆಲೆಗೆ ಹೋಗುವುದು ಹೀಗೆ.

ಐದು ನಿಮಿಷ, ಹದಿನೈದು ನಿಮಿಷ, ಒಂದು ಗಂಟೆ. ಈ ಮೂರು ಹೊತ್ತಿನ ದರವನ್ನು ಬರೆದುಕೊಳ್ಳಿ. ಬಾಂಡ್ ಜೊತೆಗಿದ್ದರೆ ಚಲನೆ ಉಳಿಯುವ ಸಾಧ್ಯತೆ ಹೆಚ್ಚು.

ಹಂತ 6: ಪರಿಷ್ಕರಣೆಯ ಸಾಲನ್ನು ಓದಿ

ಉದ್ಯೋಗ ವರದಿಯಲ್ಲಿ ಹೊಸಬರು ಎಡವುವ ಜಾಗವಿದು. 2025ರ ಆಗಸ್ಟ್ 1ರಂದು ಬಂದ ವರದಿಯಲ್ಲಿ ಜುಲೈ ತಿಂಗಳ ಹೊಸ ಉದ್ಯೋಗ 73 ಸಾವಿರ ಎಂದಿತ್ತು. ನಿರೀಕ್ಷೆ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅಷ್ಟೇ ಆಗಿದ್ದರೆ ಸಾಧಾರಣ ನಿರಾಸೆ. ಆದರೆ ಮೇ ಮತ್ತು ಜೂನ್ ತಿಂಗಳ ಹಳೆ ಅಂಕಿಗಳನ್ನು ಒಟ್ಟು 2.58 ಲಕ್ಷ ಕೆಳಕ್ಕೆ ತಿದ್ದಲಾಗಿತ್ತು. ಡಾಲರ್ ಆ ದಿನ 150 ಯೆನ್‌ನ ಮೇಲಿನಿಂದ 147ರ ಆಸುಪಾಸಿಗೆ ಬಿತ್ತು. ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಅಷ್ಟು ದೊಡ್ಡ ಕುಸಿತಕ್ಕೆ ಕಾರಣ ತಿಳಿಯುತ್ತಿರಲಿಲ್ಲ.

ಹಂತ 7: ರೂಪಾಯಿಗಾಗಿ ಬೆಳಗಿನವರೆಗೆ ಕಾಯಿರಿ

ನಮ್ಮ ಬ್ಯಾಂಕುಗಳ ನಡುವಿನ ಡಾಲರ್ ವಹಿವಾಟು ಮಧ್ಯಾಹ್ನ 3.30ಕ್ಕೆ ಮುಗಿದಿರುತ್ತದೆ. ಹೀಗಾಗಿ ಸಂಜೆಯ ಸುದ್ದಿ ಮರುದಿನದ ಆರಂಭದ ದರದಲ್ಲೇ ಒಮ್ಮೆಗೆ ಕಾಣಿಸಿಕೊಳ್ಳುತ್ತದೆ. ನವೆಂಬರ್ 10ರಂದು ಡಾಲರ್‌ಗೆ ಸುಮಾರು 81.80 ರೂಪಾಯಿಗೆ ಮುಗಿದ ದರ, 11ರ ವಹಿವಾಟು ಮುಗಿದಾಗ ಸುಮಾರು 80.80 ಇತ್ತು. ಮಗಳ ಕಾಲೇಜು ಶುಲ್ಕಕ್ಕೆಂದು 10 ಸಾವಿರ ಡಾಲರ್ ಕಳಿಸುವ ಮೈಸೂರಿನ ಒಬ್ಬ ತಂದೆಗೆ ಬ್ಯಾಂಕ್ ಶುಲ್ಕ ಬಿಟ್ಟು ಒಂದೇ ದಿನದಲ್ಲಿ 10 ಸಾವಿರ ರೂಪಾಯಿಯ ವ್ಯತ್ಯಾಸ. ಅಂಕಿ ಉಲ್ಟಾ ಬಂದಿದ್ದರೆ ಅದೇ ಹಣ ಕೈಬಿಡುತ್ತಿತ್ತು. ಯೆನ್‌ನಷ್ಟು ರೂಪಾಯಿ ಕುಣಿಯುವುದಿಲ್ಲ, ಏಕೆಂದರೆ ವಿಪರೀತ ಏರಿಳಿತವಾದಾಗ ರಿಸರ್ವ್ ಬ್ಯಾಂಕ್ ತಾನೇ ಡಾಲರ್ ಕೊಳ್ಳುತ್ತದೆ ಅಥವಾ ಮಾರುತ್ತದೆ.

ಇಷ್ಟೆಲ್ಲ ತಿಳಿದರೂ ಮುಂದಿನ ಅಂಕಿ ಏನಾಗುತ್ತದೆಂದು ಹೇಳಲು ಬರುವುದಿಲ್ಲ. ಬಂದ ಮೇಲೆ ಏನಾಯಿತು, ಏಕೆ ಆಯಿತು ಎಂಬುದು ಮಾತ್ರ ತಿಳಿಯುತ್ತದೆ. ಆರು ತಿಂಗಳು ದುಡ್ಡು ಹಾಕದೆ ನೋಟ್‌ಬುಕ್ಕಿನಲ್ಲಷ್ಟೇ ಬರೆಯಿರಿ. ನಿಮಿಷಗಳಲ್ಲಿ ಲಾಭ ಎಂದು ಕರೆಯುವ ಆ್ಯಪ್ ಕಂಡರೆ, ಅನುಮತಿಯಿಲ್ಲದ ಫಾರೆಕ್ಸ್ ವೇದಿಕೆಗಳ ಬಗ್ಗೆ ರಿಸರ್ವ್ ಬ್ಯಾಂಕ್ ತನ್ನ ಜಾಲತಾಣದಲ್ಲಿ ಹಾಕಿರುವ ಎಚ್ಚರಿಕೆಯ ಪಟ್ಟಿಯನ್ನು ದಯವಿಟ್ಟು ಮೊದಲು ನೋಡಿ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ.